ಓಟಿಟಿಯಲ್ಲಿ ಕನ್ನಡ ಎಷ್ಟಿದೆ? ನಲವತ್ತು ಚಿತ್ರಗಳಿಂದ ಅಳೆದು ನೋಡುವ ಬಗೆ

ಯಾವುದೇ ಓಟಿಟಿ ಆಪ್ ತೆರೆದು ‘ಕನ್ನಡ’ ಎಂಬಲ್ಲಿ ಒತ್ತಿದರೆ ಪೋಸ್ಟರ್‌ಗಳ ಸಾಲು ಬೆರಳು ದಣಿಯುವವರೆಗೂ ಸರಿಯುತ್ತದೆ. ಆದರೆ ಆ ಸಾಲು ಎಷ್ಟು ಉದ್ದವಿದೆ ಎನ್ನುವುದರಿಂದ ಸಂಗ್ರಹ ಎಷ್ಟು ಆಳವಿದೆ ಎಂದು ಹೇಳಲು ಬರುವುದಿಲ್ಲ. ಒಂದೇ ಚಿತ್ರ ‘ಹೊಸತು’, ‘ಜನಪ್ರಿಯ’, ‘ಆ್ಯಕ್ಷನ್’ ಎಂದು ಮೂರು ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಆಪ್‌ನ ಪಾಲಿಗೆ ‘ಕನ್ನಡ’ ಎಂದರೆ ಕನ್ನಡ ಆಡಿಯೋ ಇರುವುದೆಲ್ಲ. ಕರ್ನಾಟಕದಲ್ಲಿ ಡಬ್ಬಿಂಗ್‌ಗೆ ಇದ್ದ ಅಡ್ಡಿಯ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟಿತು. ಅಲ್ಲಿಂದೀಚೆಗೆ ತಮಿಳು, ತೆಲುಗು, ಹಿಂದಿ ಚಿತ್ರಗಳ ಕನ್ನಡ ಡಬ್ಬಿಂಗ್ ಬೆಳೆಯುತ್ತಲೇ ಬಂದಿದೆ. ಡಬ್ಬಿಂಗ್ ಚಿತ್ರ ನೋಡುವುದು ನಿಮ್ಮ ಇಷ್ಟ. ಆದರೆ ಕನ್ನಡದಲ್ಲೇ ತಯಾರಾದ ಚಿತ್ರಗಳು ಬೇಕೆಂದು ಚಂದಾ ಕಟ್ಟುವವರು ಎರಡನ್ನೂ ಬೇರೆ ಮಾಡಿ ಎಣಿಸಲೇಬೇಕು.

ಪೂರ್ತಿ ಸಂಗ್ರಹ ಎಣಿಸುವುದು ಆಗದ ಕೆಲಸ. ಅನ್ನ ಬೆಂದಿದೆಯೋ ಎಂದು ತಿಳಿಯಲು ನಾಲ್ಕು ಅಗುಳು ಹಿಚುಕಿದರೆ ಸಾಕು, ಇಲ್ಲಿಯೂ ಹಾಗೆಯೇ ಮಾದರಿ ತೆಗೆದು ನೋಡಬಹುದು. ಒಂದು ಸಂಜೆಯ ಕೆಲಸ. ಷರತ್ತು ಒಂದೇ: ಅಗುಳನ್ನು ಪಾತ್ರೆಯ ಎಲ್ಲ ಕಡೆಯಿಂದ ತೆಗೆಯಬೇಕು. ನೆನಪಿಗೆ ಬಂದ ಹೆಸರುಗಳನ್ನು ಬರೆದುಕೊಂಡು ಹುಡುಕಿದರೆ ಎಲ್ಲ ಆಪ್‌ಗಳೂ ಚೆನ್ನಾಗಿಯೇ ಕಾಣುತ್ತವೆ, ಏಕೆಂದರೆ ನಮ್ಮ ನೆನಪಿಗೆ ಮೊದಲು ಬರುವುದು ಗೆದ್ದ ಚಿತ್ರಗಳು, ಆಪ್‌ಗಳು ಮೊದಲು ಕೊಳ್ಳುವುದೂ ಅವನ್ನೇ.

ಹಾಗಾಗಿ ಹೆಸರನ್ನು ಅದೃಷ್ಟಕ್ಕೆ ಬಿಡಿ. ವಿಕಿಪೀಡಿಯದಲ್ಲಿ ಆಯಾ ವರ್ಷ ತೆರೆಕಂಡ ಕನ್ನಡ ಚಿತ್ರಗಳ ಪಟ್ಟಿ ಇದೆ. ಕಾಲವನ್ನು ನಾಲ್ಕು ಭಾಗ ಮಾಡಿಕೊಳ್ಳಿ: 1980ಕ್ಕೆ ಮೊದಲು, 1980ರಿಂದ 1999, 2000ದಿಂದ 2014, ಆಮೇಲಿನದು. ಪ್ರತಿ ಭಾಗದ ವರ್ಷಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ಹತ್ತು ಸಲ ಎತ್ತಿ, ಎತ್ತಿದ ಚೀಟಿಯನ್ನು ಪ್ರತಿ ಸಲವೂ ಡಬ್ಬಿಗೆ ಮರಳಿ ಹಾಕಿ. ಬಂದ ವರ್ಷದ ಪಟ್ಟಿಯಲ್ಲಿ ಎಷ್ಟನೇ ಚಿತ್ರ ಎಂಬುದನ್ನು ಕೈಯಲ್ಲಿರುವ ಒಂದು ನೋಟಿನ ಸಂಖ್ಯೆಯ ಕೊನೆಯ ಎರಡು ಅಂಕಿ ಹೇಳಲಿ. ಪಟ್ಟಿ ಅಷ್ಟು ಉದ್ದವಿಲ್ಲದಿದ್ದರೆ ಬೇರೆ ನೋಟು ತೆಗೆದುಕೊಳ್ಳಿ. ಇತ್ತೀಚಿನ ವರ್ಷಗಳ ಪಟ್ಟಿ ನೂರು ದಾಟುತ್ತದೆ. ಅಲ್ಲಿ ಕೊನೆಯ ಮೂರು ಅಂಕಿ ನೋಡಬೇಕು, ಇಲ್ಲವಾದರೆ ವರ್ಷದ ಮೊದಲ ತಿಂಗಳುಗಳ ಚಿತ್ರಗಳು ಮಾತ್ರ ಬರುತ್ತವೆ. ಹೀಗೆ ನಲವತ್ತು ಹೆಸರು ಸಿಗುತ್ತವೆ. ಕೆಲವನ್ನು ನೀವು ಕೇಳಿಯೇ ಇರುವುದಿಲ್ಲ. ಅವು ಪಟ್ಟಿಯಲ್ಲಿ ಇರಲಿ, ಆಳ ಅಳೆಯುವುದು ಅವುಗಳಿಂದಲೇ.

ಈಗ ಹುಡುಕಾಟ. ಜಸ್ಟ್‌ವಾಚ್ ಎಂಬ ತಾಣದಲ್ಲಿ ದೇಶ ಭಾರತ ಎಂದು ಆರಿಸಿ ಹೆಸರು ಕೊಟ್ಟರೆ ಚಿತ್ರ ಯಾವ ಆಪ್‌ನಲ್ಲಿದೆ ಎಂದು ತೋರಿಸುತ್ತದೆ. ಹೊರದೇಶದಲ್ಲಿರುವ ಕನ್ನಡಿಗರು ತಾವಿರುವ ದೇಶವನ್ನೇ ಆರಿಸಬೇಕು, ಏಕೆಂದರೆ ಪ್ರಸಾರದ ಹಕ್ಕು ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಪರವಾನಗಿಯ ಅವಧಿ ಮುಗಿದ ಚಿತ್ರ ಆಪ್‌ನಿಂದ ಹೋಗಿದ್ದರೂ ಇಂತಹ ತಾಣದಲ್ಲಿ ಉಳಿದಿರಬಹುದು. ಆಪ್‌ನಲ್ಲೇ ಇನ್ನೊಮ್ಮೆ ಹುಡುಕಿ, ಹೆಸರಿನ ಕಾಗುಣಿತ ಬದಲಿಸಿ ನೋಡಿ. `Bangarada Manushya` ಎಂದಾಗ ಸಿಗದ್ದು `Bangaarada Manushya` ಎಂದಾಗ ಸಿಗಬಹುದು. ಕನ್ನಡ ಲಿಪಿಯಲ್ಲಿ ಟೈಪ್ ಮಾಡಿದರೆ ಏನೂ ತೋರಿಸದ ಆಪ್‌ಗಳೂ ಇವೆ. ಅದೇ ಹೆಸರಿನ ಬೇರೆ ಭಾಷೆಯ ಚಿತ್ರವೂ ಬರಬಹುದು, ಆದ್ದರಿಂದ ಬಿಡುಗಡೆಯ ವರ್ಷ ಮತ್ತು ಮುಖ್ಯ ನಟರ ಹೆಸರು ತಾಳೆ ನೋಡಿ.

ಚಿತ್ರ ಸಿಕ್ಕ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಅದು ಚಂದಾದೊಳಗೆ ಸೇರಿದೆಯೇ? ಅಮೆಜಾನ್ ಪ್ರೈಮ್‌ನ ಹುಡುಕಾಟದಲ್ಲಿ ಚಂದಾದ ಚಿತ್ರ, ಬಾಡಿಗೆಯ ಚಿತ್ರ, ಬೇರೆ ಚಾನೆಲ್‌ಗೆ ಪ್ರತ್ಯೇಕ ಹಣ ಕೊಟ್ಟರೆ ಮಾತ್ರ ಸಿಗುವ ಚಿತ್ರ ಮೂರೂ ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಬಾಡಿಗೆಗೆ ಪಡೆದದ್ದನ್ನು ಸಾಮಾನ್ಯವಾಗಿ 30 ದಿನದೊಳಗೆ ಶುರುಮಾಡಿ, ಶುರುಮಾಡಿದ 48 ಗಂಟೆಯೊಳಗೆ ಮುಗಿಸಬೇಕು. ಇದನ್ನು ಸಂಗ್ರಹದ ಲೆಕ್ಕಕ್ಕೆ ಸೇರಿಸಬಾರದು. ಹಳೆಯ ಚಿತ್ರಗಳ ಹಕ್ಕು ಹೊಂದಿದ ಕಂಪನಿಗಳು ಅವನ್ನು ಯೂಟ್ಯೂಬ್‌ನಲ್ಲಿ ಪೂರ್ತಿಯಾಗಿ, ಪುಕ್ಕಟೆಯಾಗಿ ಹಾಕಿರುವುದು ಬಹಳ. ಅದಕ್ಕೂ ಒಂದು ಕಾಲಂ ಹಾಕಿ. ಎಲ್ಲಿಯೂ ಸಿಗದ ಹೆಸರುಗಳು ಹಲವಿದ್ದರೆ ನಿಮ್ಮ ಹುಡುಕಾಟ ತಪ್ಪಿತು ಎಂದುಕೊಳ್ಳಬೇಡಿ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರಿಂಟೇ ಉಳಿದಿಲ್ಲ. ಅಂಥದ್ದನ್ನು ಯಾವ ಆಪ್ ತಾನೇ ಕೊಟ್ಟೀತು?

ಲೆಕ್ಕ ಹೇಗೆ ತಿರುಗುತ್ತದೆ ಎಂದು ತೋರಿಸಲು ಒಂದು ಕಾಲ್ಪನಿಕ ಮನೆ ತೆಗೆದುಕೊಳ್ಳೋಣ. ಅಂಕಿಗಳೂ ಉದಾಹರಣೆಗೆ ಇಟ್ಟವು. ನಲವತ್ತರಲ್ಲಿ ‘ಅ’ ಆಪ್‌ನಲ್ಲಿ 14, ‘ಆ’ದಲ್ಲಿ 12, ‘ಇ’ಯಲ್ಲಿ 8 ಸಿಕ್ಕವು. 14 ಎಂದರೆ ನೂರಕ್ಕೆ 35. ಆದರೆ ನಲವತ್ತರ ಮಾದರಿಗೆ ಆಚೀಚೆ ನೂರಕ್ಕೆ 15ರಷ್ಟು ತೂಗಾಟ ಇದ್ದೇ ಇರುತ್ತದೆ. ನಿಜವಾದ ಪ್ರಮಾಣ 20ರಿಂದ 50ರೊಳಗೆ ಎಲ್ಲಿಯಾದರೂ ಇರಬಹುದು. ಆದ್ದರಿಂದ ‘ಅ’ಗಿಂತ ‘ಆ’ ಚಿಕ್ಕದು ಎನ್ನಲು 14 ಮತ್ತು 12ರ ನಡುವಿನ ಅಂತರ ಏನೇನೂ ಸಾಲದು.

ಮನೆಯವರು ‘ಅ’ ಕೊಂಡರು ಎನ್ನೋಣ. ಎರಡನೆಯದು ಯಾವುದು? ದೊಡ್ಡದಾಗಿ ಕಾಣುವುದು ‘ಆ’. ಆದರೆ ಅದರ 12ರಲ್ಲಿ 10 ಆಗಲೇ ‘ಅ’ದಲ್ಲಿವೆ, ಹೊಸದಾಗಿ ಬರುವುದು 2. ‘ಇ’ಯ 8ರಲ್ಲಿ 7 ಹೊಸವು. ಎರಡನೇ ಚಂದಾಕ್ಕೆ ನೋಡಬೇಕಾದ್ದು ಮೊದಲನೆಯದಕ್ಕೆ ಅದು ಎಷ್ಟು ಕೂಡಿಸುತ್ತದೆ ಎಂಬುದನ್ನು. ಇಲ್ಲಿಗೆ ‘ಇ’ ಗೆದ್ದಂತೆ ಕಾಣುತ್ತದೆ. ಈಗ ಯೂಟ್ಯೂಬ್ ಕಾಲಂ ನೋಡಿ: ‘ಇ’ಯ ಆ ಏಳರಲ್ಲಿ ಐದು ಹಳೆಯ ಚಿತ್ರಗಳು, ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತವೆ. ದುಡ್ಡು ಕೊಟ್ಟು ಪಡೆಯುವುದು ಮತ್ತೆ ಎರಡೇ. ಅಂದರೆ ಚಿತ್ರಗಳಿಗೋಸ್ಕರ ಈ ಮನೆಗೆ ಎರಡನೇ ಚಂದಾ ಬೇಕಾಗಿಯೇ ಇಲ್ಲ.

ಧಾರಾವಾಹಿಯ ಮಾತು ಬೇರೆ, ಅದಕ್ಕೆ ಚೀಟಿ ಎತ್ತುವ ಕೆಲಸವೇ ಇಲ್ಲ. ಚಾನೆಲ್ ಯಾರದ್ದೋ ಅದರ ಧಾರಾವಾಹಿಗಳು ಅವರ ಆಪ್‌ನಲ್ಲೇ ಇರುತ್ತವೆ. ಝೀ ಕನ್ನಡದ್ದು ಝೀ5ನಲ್ಲಿ, ಉದಯ ಟಿವಿಯದ್ದು ಸನ್ ನೆಕ್ಸ್ಟ್‌ನಲ್ಲಿ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಎರಡೂ ಜಿಯೋಹಾಟ್‌ಸ್ಟಾರ್‌ನಲ್ಲಿ. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಒಂದೇ ಆಪ್ ಆದದ್ದರಿಂದ ಹೀಗಾಯಿತು. ಚಿತ್ರಗಳಲ್ಲೂ ಇದರ ನೆರಳಿದೆ. ಟಿವಿ ಹಕ್ಕನ್ನೂ ಓಟಿಟಿ ಹಕ್ಕನ್ನೂ ಒಂದೇ ಗುಂಪು ಒಟ್ಟಿಗೆ ಕೊಂಡ ಚಿತ್ರ ಆ ಗುಂಪಿನ ಆಪ್‌ಗೆ ಬರುತ್ತದೆ. ಚಾನೆಲ್ಲೇ ಇಲ್ಲದ ಪ್ರೈಮ್, ನೆಟ್‌ಫ್ಲಿಕ್ಸ್ ಚಿತ್ರಗಳನ್ನು ಒಂದೊಂದಾಗಿ ಆರಿಸಿ ಕೊಳ್ಳುತ್ತವೆ.

ಬೆಲೆ ಹೋಲಿಸುವಾಗ ಎಲ್ಲವನ್ನೂ ಒಂದು ವರ್ಷದ ಲೆಕ್ಕಕ್ಕೆ ತನ್ನಿ, ಕೊಳ್ಳುವ ದಿನ ಆಪ್‌ನಲ್ಲಿರುವ ದರವನ್ನೇ ಹಿಡಿಯಿರಿ. 2025ರ ದರದಲ್ಲಿ ಪ್ರೈಮ್ ತಿಂಗಳಿಗೆ 299, ವರ್ಷಕ್ಕೆ 1499 ರೂಪಾಯಿ. ಐದು ತಿಂಗಳು ಬಿಡಿಬಿಡಿಯಾಗಿ ಕಟ್ಟಿದರೆ 1495. ವರ್ಷದಲ್ಲಿ ಐದು ತಿಂಗಳಿಗಿಂತ ಕಡಿಮೆ ನೋಡುವ ಮನೆಗೆ ವಾರ್ಷಿಕ ಚಂದಾ ನಷ್ಟ. ಆದರೆ ಆ ವರ್ಷದ ಜೂನ್‌ನಿಂದ ಅದರಲ್ಲಿ ಜಾಹೀರಾತು ಬರತೊಡಗಿತು. ಬೇಡವೆಂದರೆ ವರ್ಷಕ್ಕೆ ಇನ್ನೂ 699 ಕೊಡಬೇಕು, ಅಲ್ಲಿಗೆ 2198 ಆಯಿತು. ನೆಟ್‌ಫ್ಲಿಕ್ಸ್‌ನಲ್ಲಿ ತಿಂಗಳಿಗೆ 149ರ ಪ್ಲಾನ್ ಇದೆ, ಅದು ಒಂದು ಫೋನ್ ಅಥವಾ ಟ್ಯಾಬ್‌ನಲ್ಲಿ ಮಾತ್ರ ನಡೆಯುತ್ತದೆ, ಟಿವಿಯಲ್ಲಿ ಇಲ್ಲ. ಮೊಬೈಲ್ ರೀಚಾರ್ಜ್ ಜೊತೆ ‘ಉಚಿತ’ವಾಗಿ ಬರುವ ಓಟಿಟಿಗಳಲ್ಲೂ ಎಷ್ಟೋ ಇಂಥ ಮೊಬೈಲ್ ಪ್ಲಾನ್‌ಗಳೇ. ಮನೆಯವರೆಲ್ಲ ಕೂತು ನೋಡಬೇಕೆಂದು ಟಿವಿಗೆ ಹಾಕಲು ಹೋದಾಗಲೇ ಅದು ತಿಳಿಯುವುದು.

ದುಬಾರಿ ಪ್ಲಾನ್ ಕೊಂಡರೂ ಚಿತ್ರ ಮಸುಕಾಗಿ ಬರುವುದುಂಟು. ಆಂಡ್ರಾಯ್ಡ್ ಫೋನ್‌ಗಳಲ್ಲೂ ಟಿವಿ ಬಾಕ್ಸ್‌ಗಳಲ್ಲೂ ಚಿತ್ರವನ್ನು ನಕಲು ಮಾಡದಂತೆ ತಡೆಯುವ ವೈಡ್‌ವೈನ್ ಎಂಬ ಬೀಗವಿರುತ್ತದೆ. ಬೀಗ ತೆರೆಯುವ ಕೆಲಸ ಚಿಪ್‌ನ ಭದ್ರ ಭಾಗದಲ್ಲಿ ನಡೆದರೆ ಅದು L1, ಬರೀ ಸಾಫ್ಟ್‌ವೇರ್‌ನಲ್ಲಿ ನಡೆದರೆ L3. L3ನಲ್ಲಿ ನಕಲು ಮಾಡುವುದು ಸುಲಭವೆಂದು ಅನೇಕ ಆಪ್‌ಗಳು ಅಲ್ಲಿಗೆ 480p ಮಾತ್ರ ಕಳಿಸುತ್ತವೆ. ಅದರಲ್ಲಿ ಇರುವುದು ಫುಲ್ ಎಚ್‌ಡಿಯ ಐದನೇ ಒಂದರಷ್ಟು ಚುಕ್ಕೆಗಳು. 43 ಇಂಚಿನ ಟಿವಿಯಲ್ಲಿ ಮುಖದ ಗೆರೆಗಳೇ ಅಳಿಸಿದಂತೆ ಕಾಣುತ್ತವೆ. ಚಂದಾ ಕಟ್ಟುವ ಮೊದಲು `DRM Info` ಆಪ್ ಹಾಕಿ, `Security Level` ಎಂಬಲ್ಲಿ ಏನಿದೆ ನೋಡಿ. L3 ಇದ್ದರೆ ಆ ಸಾಧನದ ಸಲುವಾಗಿ 4ಕೆ ಪ್ಲಾನ್‌ಗೆ ಹಣ ಹಾಕಬೇಡಿ.

ಡೇಟಾದ ಲೆಕ್ಕವೂ ಇಲ್ಲೇ ಬರುತ್ತದೆ. ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ ಮಧ್ಯಮ ಗುಣಮಟ್ಟಕ್ಕೆ ಗಂಟೆಗೆ ಸುಮಾರು 0.7 ಜಿಬಿ, ಎಚ್‌ಡಿಗೆ 3 ಜಿಬಿವರೆಗೆ ಬೇಕು. ದಿನಕ್ಕೆ 1.5 ಜಿಬಿ ಸಿಗುವ ರೀಚಾರ್ಜ್‌ನಲ್ಲಿ ಎಚ್‌ಡಿ ನೋಡಿದರೆ ಅರ್ಧ ಗಂಟೆಗೇ ಡೇಟಾ ಖಾಲಿಯಾಗಬಹುದು. ಮಧ್ಯಮದಲ್ಲಿಟ್ಟರೂ ಎರಡೂವರೆ ಗಂಟೆಯ ಚಿತ್ರಕ್ಕೆ 1.75 ಜಿಬಿ ಬೇಕು, ಕ್ಲೈಮ್ಯಾಕ್ಸ್ ಹೊತ್ತಿಗೆ ನೆಟ್ ನಿಧಾನವಾಗುತ್ತದೆ. ಬ್ರಾಡ್‌ಬ್ಯಾಂಡ್ ಇಲ್ಲದ ಮನೆಗೆ ಡೌನ್‌ಲೋಡ್ ಸೌಲಭ್ಯ 4ಕೆಗಿಂತ ಬೆಲೆಯುಳ್ಳದ್ದು. ಆ ಡೌನ್‌ಲೋಡ್ ಎಷ್ಟು ದಿನ ಉಳಿಯುತ್ತದೆ ಎಂಬುದನ್ನೂ ನೋಡಿಕೊಳ್ಳಿ.

ಕಿವಿ ಮಂದವಾದ ಹಿರಿಯರಿರುವ ಮನೆಯಲ್ಲಿ ಕನ್ನಡ ಲಿಪಿಯ ಸಬ್‌ಟೈಟಲ್ ಬೇಕಾಗುತ್ತದೆ. ಕನ್ನಡ ಚಿತ್ರಗಳಿಗೆ ಹೆಚ್ಚಾಗಿ ಕಾಣುವುದು ಇಂಗ್ಲಿಷ್ ಸಬ್‌ಟೈಟಲ್ ಮಾತ್ರ. ಹಣ ಕೊಟ್ಟು ನೋಡುವ ಕನ್ನಡಿಗರಿಗೆ ಅವರದೇ ಲಿಪಿ ಸಿಗದಿರುವುದು ದೊಡ್ಡ ಕೊರತೆ, ಕೇಳಿ ಪಡೆಯಬೇಕಾದದ್ದು. ಮಾದರಿಯಲ್ಲಿ ಸಿಕ್ಕ ಐದು ಚಿತ್ರಗಳ ಸಬ್‌ಟೈಟಲ್ ಮೆನು ತೆರೆದು ನೋಡಿದರೆ ಆ ಆಪ್‌ನ ರೀತಿ ತಿಳಿಯುತ್ತದೆ.

ನಲವತ್ತು ಹೆಸರಿನ ಹಾಳೆಯನ್ನು ಎಸೆಯಬೇಡಿ. ಚಂದಾ ತಾನಾಗಿ ನವೀಕರಣವಾಗುವ ದಿನಕ್ಕೆ ಒಂದು ವಾರ ಮೊದಲು ಫೋನ್‌ನಲ್ಲಿ ಅಲಾರಂ ಇಟ್ಟುಕೊಂಡು ಅದೇ ಹೆಸರುಗಳನ್ನು ಇನ್ನೊಮ್ಮೆ ಹುಡುಕಿ. ಆಗ 14 ಇದ್ದದ್ದು ಈಗ 9ಕ್ಕೆ ಇಳಿದಿದ್ದರೆ ಆಟೋಪೇ ರದ್ದುಮಾಡಲು ಇನ್ನೂ ಏಳು ದಿನ ಇರುತ್ತದೆ.