ಕಾರವಾರದಲ್ಲಿ ಹಿಮವೇ ಬೀಳಲ್ಲ, ಆ್ಯಪ್‌ಗೆ ಯಾವ ತಾರೀಖು ಕೊಡಲಿ?

ಪ್ರಶ್ನೆ: ಟೆರೇಸ್ ಮೇಲೆ ತರಕಾರಿ ಬೆಳೆಯೋಣ ಅಂತ ಗಾರ್ಡನ್ ಪ್ಲಾನರ್ ಆ್ಯಪ್ ಹಾಕಿಕೊಂಡೆ. ಮೊದಲಿಗೇ ಅದು Last frost date ಕೇಳುತ್ತದೆ. ನಾವಿರೋದು ಕಾರವಾರ, ಇಲ್ಲಿ ಹಿಮ ಎಲ್ಲಿಂದ ಬರಬೇಕು? ಖಾಲಿ ಬಿಟ್ಟರೆ ಟೊಮೆಟೊ ಬೀಜವನ್ನು ಮಾರ್ಚ್‌ನಲ್ಲಿ ಹಾಕಿ ಅನ್ನುತ್ತದೆ. ಹಾಗೇ ಮಾಡಲಾ?

ಬೇಡ. ಆ ಜಾಗದಲ್ಲಿ ಅಕ್ಟೋಬರ್ 1 ಅಂತ ಹಾಕಿ. ಅಲ್ಲೇ ಪಕ್ಕದಲ್ಲಿ First frost date ಕೇಳಿದರೆ ಜೂನ್ 1 ಕೊಡಿ.

ಇಂಥ ಆ್ಯಪ್‌ಗಳಲ್ಲಿ ಹೆಚ್ಚಿನವು ಚಳಿ ದೇಶದವರಿಗಾಗಿ ಮಾಡಿದ್ದು. ಅಲ್ಲಿ ಗಿಡ ಹೊರಗಿಡೋಕೆ ಅಡ್ಡ ಬರೋದು ಹಿಮ, ಹಾಗಾಗಿ ಬಿತ್ತನೆ, ಸಸಿ ನಾಟಿ, ಕೊಯ್ಲು ಎಲ್ಲವನ್ನೂ ಕೊನೆಯ ಹಿಮದ ದಿನದಿಂದ ಹಿಂದೆ ಮುಂದೆ ಎಣಿಸುತ್ತವೆ. ನಮಗೆ ಅಡ್ಡ ಬರೋದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಗೆ ಟೊಮೆಟೊ, ಮೆಣಸು, ಬದನೆಯ ಎಳೆ ಸಸಿ ಬಯಲಲ್ಲಿ ಇಟ್ಟರೆ ಬುಡ ಕೊಳೆತು ಮಲಗಿಬಿಡುತ್ತವೆ. ಹಿಮದ ಜಾಗದಲ್ಲಿ ಮಳೆಗಾಲ ಕೂರಿಸಿದರೆ ಆ್ಯಪ್‌ನ ಲೆಕ್ಕ ಸುಮಾರಾಗಿ ನಮ್ಮೂರಿಗೆ ಹೊಂದುತ್ತದೆ. ಶಿರಸಿ ಕಡೆಯವರು ಒಂದು ಹತ್ತು ದಿನ ತಡವಾಗಿ ಹಾಕಿಕೊಳ್ಳಿ, ಘಟ್ಟದ ಮೇಲೆ ಅಕ್ಟೋಬರ್‌ನಲ್ಲೂ ಮಧ್ಯಾಹ್ನದ ಗುಡುಗು ಮಳೆ ಸುಲಭಕ್ಕೆ ಬಿಡಲ್ಲ. ಕೆಲವು ಆ್ಯಪ್‌ಗಳು ಎರಡನೇ ತಾರೀಖು ಮೊದಲನೆಯದಕ್ಕಿಂತ ಹಿಂದಿದೆ ಅಂತ ತಕರಾರು ತೆಗೆಯಬಹುದು. ಆಗ ಜಗಳ ಬೇಡ, ಪ್ರತಿ ಗಿಡಕ್ಕೂ ಬಿತ್ತಿದ ದಿನವನ್ನು ಕೈಯಾರೆ ಹಾಕಿ.

ಟೊಮೆಟೊ ಲೆಕ್ಕವನ್ನೇ ನೋಡೋಣ. ಅಕ್ಟೋಬರ್ 1 ಕೊಟ್ಟ ಮೇಲೆ ಆ್ಯಪ್ ಸಾಮಾನ್ಯವಾಗಿ ಆರು ವಾರ ಮೊದಲು, ಅಂದರೆ ಆಗಸ್ಟ್ 20ರ ಹೊತ್ತಿಗೆ, ಸಸಿಗೆ ಬೀಜ ಹಾಕಿ ಅನ್ನುತ್ತದೆ. ಇದನ್ನು ನಾಲ್ಕು ವಾರಕ್ಕೆ ಇಳಿಸಿ. ಆರು ವಾರ ಬೇಕಾಗೋದು ಚಳಿಯಲ್ಲಿ ನಿಧಾನ ಬೆಳೆಯುವ ಸಸಿಗೆ. ನಮ್ಮ ಸೆಕೆಗೆ 25-30 ದಿನದಲ್ಲೇ ಸಸಿ ತಯಾರು, ಜೊತೆಗೆ ಆಗಸ್ಟ್‌ನ ಮೋಡದಲ್ಲಿ ಬೆಳಕು ಸಾಲದೆ ಅದು ದಾರದ ಹಾಗೆ ಉದ್ದ ಹೋಗಿ ಬಾಗುತ್ತದೆ. ಸೆಪ್ಟೆಂಬರ್ ಮೊದಲ ವಾರ ಸೂರಿನ ಕೆಳಗೆ ಬೀಜ ಹಾಕಿ, ಅಕ್ಟೋಬರ್ ಮೊದಲ ವಾರ ಗ್ರೋ ಬ್ಯಾಗ್‌ಗೆ ನಾಟಿ ಮಾಡಿ. ಬೀಜದ ಪ್ಯಾಕೆಟ್ ಮೇಲೆ 70 ದಿನ ಅಂತಿದ್ದರೆ ಟೊಮೆಟೊಗೆ ಅದನ್ನು ಸಾಮಾನ್ಯವಾಗಿ ನಾಟಿಯಿಂದ ಎಣಿಸಬೇಕು, ಬಿತ್ತಿದ ದಿನದಿಂದ ಅಲ್ಲ. ಹಾಗಾಗಿ ಮೊದಲ ಹಣ್ಣು ಡಿಸೆಂಬರ್ ಮಧ್ಯದ ಹೊತ್ತಿಗೆ. ಬೆಂಡೆ, ಅಲಸಂದೆಯಂಥವನ್ನು ನೇರ ಬಿತ್ತುವುದರಿಂದ ಅವಕ್ಕೆ ಬಿತ್ತಿದ ದಿನದಿಂದಲೇ ಲೆಕ್ಕ.

ಮಾರ್ಚ್‌ನಲ್ಲಿ ಹಾಕಿದರೆ ಏನಾಗುತ್ತದೆ? ಗಿಡ ಚೆನ್ನಾಗೇ ಬರುತ್ತದೆ, ಹೂವೂ ಬಿಡುತ್ತದೆ, ಆದರೆ ಕಾಯಿ ಕಟ್ಟಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಕರಾವಳಿಯ ರಾತ್ರಿಯೂ 25 ಡಿಗ್ರಿ ಆಸುಪಾಸು ಇರುತ್ತದೆ, ಅಷ್ಟು ಸೆಕೆಗೆ ಟೊಮೆಟೊದ ಪರಾಗ ಕೆಡುತ್ತದೆ. ಹೂವಿನ ತೊಟ್ಟು ಗಂಟಿನ ಹತ್ತಿರ ಹಳದಿಯಾಗಿ ಹೂವು ಹಾಗೇ ಕಳಚಿ ಬೀಳುತ್ತಿದ್ದರೆ ಇದೇ ಕಾರಣ ಇರಬಹುದು, ಸುಮ್ನೆ ಗೊಬ್ಬರ ಸುರಿಯಬೇಡಿ.

ಹೀರೆ, ಬೆಂಡೆ, ಮೊಗೆಕಾಯಿ ಮಾತ್ರ ಈ ಲೆಕ್ಕಕ್ಕೆ ಬರಲ್ಲ. ಇವನ್ನು ನಮ್ಮಲ್ಲಿ ಮಳೆ ಹಿಡಿಯುವ ಹೊತ್ತಿಗೇ ಬಿತ್ತುವುದು ರೂಢಿ. ಆ್ಯಪ್ ಇವನ್ನೂ ಅಕ್ಟೋಬರ್‌ಗೆ ದೂಡುತ್ತದೆ, ನೀವೇ ಮೇ ಕೊನೆಗೆ ತಂದು ಕೂರಿಸಿ.

ಇನ್ನು ನೀರು. ಇದರಲ್ಲೇ ಜಾಸ್ತಿ ಗಿಡ ಸಾಯೋದು. ಹಲವು ಆ್ಯಪ್‌ಗಳು ಹವಾಮಾನ ಮುನ್ಸೂಚನೆ ನೋಡಿ, ಇವತ್ತು ಮಳೆ ಇದೆ, ನೀರು ಬೇಡ ಅಂತ ಆ ದಿನದ ನೆನಪೋಲೆಯನ್ನೇ ತೆಗೆದುಬಿಡುತ್ತವೆ. ಆದರೆ ನಮ್ಮ ಕಡೆ ಎಷ್ಟೋ ಮನೆಗಳ ಟೆರೇಸ್ ಮೇಲೆ ಶೀಟ್ ಹೊದಿಸಿರುತ್ತಾರೆ ಅಲ್ವಾ? ಹೊರಗೆ ಧೋ ಅಂತ ಸುರಿಯುತ್ತಿದ್ದರೂ ಶೀಟ್ ಕೆಳಗಿನ ಚೀಲದ ಮಣ್ಣು ಒಣಗುತ್ತಿರುತ್ತದೆ, ಎಲೆ ಜೋತು ಬಿದ್ದಾಗ ಮಳೆ ಜಾಸ್ತಿಯಾಯಿತು ಅಂದುಕೊಳ್ಳುತ್ತೇವೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ನೀರು ಬೇಕು, ಪಿಚಪಿಚ ಅನ್ನುತ್ತಿದ್ದರೆ ಬೇರು ಕೊಳೆಯುತ್ತಿರಬಹುದು. ಶೀಟ್ ಕೆಳಗಿನ ಗಿಡಗಳನ್ನು ಆ್ಯಪ್‌ನಲ್ಲಿ Indoor ಅಂತ ಗುರುತಿಸಿ, ಆಗ ಸಾಮಾನ್ಯವಾಗಿ ಮಳೆಯ ಲೆಕ್ಕ ಅವಕ್ಕೆ ತಗಲುವುದಿಲ್ಲ. ಆ ಸೌಲಭ್ಯ ಇಲ್ಲದಿದ್ದರೆ ಮಳೆ ನೋಡಿ ನೀರು ಬಿಡಿಸುವ ಸೆಟ್ಟಿಂಗನ್ನೇ ಆಫ್ ಮಾಡಿ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಅಂತ ಅದು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಾದ ಕಾಂಕ್ರೀಟ್ ಮೇಲಿರುವ 12 ಇಂಚಿನ ಚೀಲಕ್ಕೆ ಏಪ್ರಿಲ್‌ನಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಬೇಕಾಗುತ್ತದೆ. ಎರಡು ನೆನಪೋಲೆ ಇಟ್ಟುಕೊಳ್ಳಿ, ಮೊದಲ ಮಳೆ ಬಂದ ದಿನ ಬಯಲಲ್ಲಿರುವ ಚೀಲಗಳದ್ದನ್ನು ಮಾತ್ರ ಅಳಿಸಿ.