ಯಾನ್ ಬರ್ಪೆ, ಆಯೆ ಬರ್ಪೆ: ಸ್ವರ ತಪ್ಪಿ ಕೇಳುವವರಿಗೆ ಉಕ್ತಲೇಖನದ ಟಿಪ್ಪಣಿ

ಧ್ವನಿಶಾಸ್ತ್ರದ ಉಕ್ತಲೇಖನ ಸ್ಕೂಲಿನ ಉಕ್ತಲೇಖನದ ಹಾಗಲ್ಲ. ಅಲ್ಲಿ ಕಾಗುಣಿತ ಸರಿ ಇದ್ದರೆ ಮುಗೀತು. ಇಲ್ಲಿ ಗೊತ್ತಿಲ್ಲದ ಭಾಷೆಯ ಪದ ಕೇಳಿ, ಕಿವಿಗೆ ಬಿದ್ದದ್ದನ್ನು ಐಪಿಎ ಅನ್ನುವ ಅಂತರರಾಷ್ಟ್ರೀಯ ಧ್ವನಿಲಿಪಿಯ ಗುರುತುಗಳಲ್ಲಿ ಬರೆಯಬೇಕು. ವ್ಯಂಜನಗಳು ನನಗೆ ಬೇಗ ಹಿಡಿತಕ್ಕೆ ಬಂದವು. ಸ್ವರಗಳು ಮಾತ್ರ ತಿಂಗಳುಗಟ್ಟಲೆ ಆಟ ಆಡಿಸಿದವು. ಅದರಲ್ಲೂ ಎರಡು ಬಗೆಯ ‘ಎ’. ಈ ಟಿಪ್ಪಣಿ ಪೂರ್ತಿ ಆ ಒಂದು ಜೋಡಿಯ ಮೇಲೇ ಇದೆ. ದಾರಿ ಒಂದು ಜೋಡಿಯಲ್ಲಿ ಗೊತ್ತಾದರೆ ಮಿಕ್ಕ ಜೋಡಿಗಳಿಗೂ ಅದನ್ನೇ ಹಿಡಿಯಬಹುದು.

ನನ್ನ ಹಾಸ್ಟೆಲ್ ರೂಮಿನ ಗೆಳತಿ ಪುತ್ತೂರಿನ ಕಡೆಯವಳು, ಮನೆಮಾತು ತುಳು. ನಾನು ತುಮಕೂರಿನ ಕಡೆಯವಳು, ತುಳು ಒಂದಕ್ಷರ ಬರುತ್ತಿರಲಿಲ್ಲ. ಮೊದಲ ದಿನ ಅವಳು ಎರಡು ವಾಕ್ಯ ಹೇಳಿದಳು: ‘ಯಾನ್ ಬರ್ಪೆ’, ‘ಆಯೆ ಬರ್ಪೆ’. ನಾನು ಬರುತ್ತೇನೆ, ಅವನು ಬರುತ್ತಾನೆ. ನಾನು ಎರಡರಲ್ಲೂ ಕೊನೆಗೆ [e] ಬರೆದೆ. ‘ಎಂತ ಮಾರಾಯ್ತಿ, ಎರಡೂ ಒಂದೇ ಬರೆದಿದ್ದೀಯಲ್ಲ!’ ಅಂತ ನಕ್ಕಳು.

ಕನ್ನಡ ಲಿಪಿಯಲ್ಲಿ ಬರೆದಾಗ ಎರಡೂ ಒಂದೇ ನಿಜ. ಬಾಯಲ್ಲಿ ಮಾತ್ರ ಬೇರೆ. ‘ಅವನು’ ಬಂದರೆ ಕೊನೆಯ ಎಕಾರ ಕನ್ನಡದ ಎಕಾರದ ಹಾಗೆಯೇ ಇರುತ್ತದೆ, ಇದು [e], ‘ಮುಚ್ಚಿದ ಎ’. ‘ನಾನು’ ಬಂದರೆ ದವಡೆ ಇನ್ನೂ ಕೆಳಗಿಳಿಯುತ್ತದೆ, ಸದ್ದು ಆಕಾರದ ಕಡೆಗೆ ವಾಲುತ್ತದೆ. ಇದನ್ನು ಕೆಲವರು [ɛ] ಎಂದು, ಕೆಲವರು [æ] ಎಂದು ಬರೆಯುತ್ತಾರೆ. ನಾನಿಲ್ಲಿ [ɛ] ಬಳಸುತ್ತೇನೆ, ಬಾಯಲ್ಲಿ ಹೇಳುವಾಗ ‘ತೆರೆದ ಎ’ ಅನ್ನುತ್ತೇನೆ. ಎಸ್. ಯು. ಪಣಿಯಾಡಿಯವರು 1932ರ ತುಳು ವ್ಯಾಕರಣದಲ್ಲಿ ಈ ಸ್ವರಕ್ಕೆಂದೇ ಎರಡು ತಲೆಕಟ್ಟಿನ ಗುರುತು ಮಾಡಿಕೊಂಡಿದ್ದರು. ತುಳು ಕಿವಿಗೆ ಇವು ಅಷ್ಟು ಬೇರೆ ಬೇರೆ.

ಹಾಗಾದರೆ ನಮ್ಮ ಕಿವಿಗೆ ಏನಾಗಿದೆ? ಕಿವಿಗೆ ಏನೂ ಆಗಿಲ್ಲ. ಕನ್ನಡದ ಬರಹ ನಮಗೆ ಅ, ಇ, ಉ, ಎ, ಒ ಅಂತ ಐದು ಡಬ್ಬಿ ಕೊಟ್ಟಿದೆ, ಒಂದೊಂದರಲ್ಲೂ ಗಿಡ್ಡ, ಉದ್ದ ಅಂತ ಎರಡು ಖಾನೆ. ಹೊಸ ಸದ್ದು ಬಂದರೆ ಹತ್ತಿರದ ಡಬ್ಬಿಗೆ ಬೀಳುತ್ತದೆ. ತೆರೆದ ಎ ಬಂದಾಗ ಅದು ಎಕಾರದ ಡಬ್ಬಿಗೆ ಹೋಗಿ ಮುಚ್ಚಳ ಹಾಕಿಕೊಂಡುಬಿಡುತ್ತದೆ. ಮಜಾ ಅಂದರೆ ಈ ಸದ್ದು ನಮ್ಮ ಬಾಯಲ್ಲೇ ಇದೆ. ಊರಲ್ಲಿ ‘ಪೇಟೆ’ಗೆ ‘ಪ್ಯಾಟೆ’, ‘ಬೇಡ’ಕ್ಕೆ ‘ಬ್ಯಾಡ’ ಅನ್ನುತ್ತೇವಲ್ಲ, ಅಲ್ಲಿ ಬರುವುದು ಇಂಥದ್ದೇ ಸ್ವರ, ಉದ್ದವಾಗಿ. ಬರೆಯುವಾಗ ‘್ಯಾ’ ಹಾಕಿಬಿಡುವುದರಿಂದ ಅದು ಒಂದು ಸ್ವರ ಅಂತ ನಮಗೆ ಹೊಳೆಯುವುದೇ ಇಲ್ಲ. ನನ್ನ ಮೊದಲ ಆಸರೆ ಇದೇ ಆಯಿತು. ‘ಪ್ಯಾಟೆ’ ಅನ್ನಿ, ‘್ಯಾ’ ಮೇಲೆ ನಿಲ್ಲಿ, ಅದನ್ನೇ ಗಿಡ್ಡ ಮಾಡಿ. ತೆರೆದ ಎಕಾರದ ಹತ್ತಿರ ಬಂದಿರುತ್ತೀರಿ.

ಮರುದಿನ ಮತ್ತೆ ಹತ್ತು ವಾಕ್ಯ ಹೇಳಿಸಿಕೊಂಡೆ. ಪೋಪೆ, ಮಲ್ಪುವೆ, ಬರ್ಪೆ ಎಲ್ಲ ಬಂದವು. ಹತ್ತಕ್ಕೆ ಹತ್ತು ಸರಿ! ಖುಷಿಯಾಗಿ ಟೀ ಕುಡಿದು ಬಂದ ಮೇಲೆ ಹೊಳೆಯಿತು: ‘ಯಾನ್’ ಕೇಳಿದ ಕೂಡಲೇ ಕೈ [ɛ] ಬರೆಯುತ್ತಿತ್ತು, ‘ಆಯೆ’ ಕೇಳಿದರೆ [e]. ಕಿವಿ ಕೆಲಸವೇ ಮಾಡಿರಲಿಲ್ಲ, ವ್ಯಾಕರಣ ಬರೆದಿತ್ತು. ಬ್ರಿಟಿಷ್ ಧ್ವನಿಶಾಸ್ತ್ರಜ್ಞ ಡೇನಿಯಲ್ ಜೋನ್ಸ್ ತಮ್ಮ ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಪದಗಳನ್ನು ಹೇಳಿ ಬರೆಸಬೇಕು ಅಂತ ಪಟ್ಟು ಹಿಡಿದದ್ದು ಇದೇ ಕಾರಣಕ್ಕೆ. ಅರ್ಥ ಇದ್ದರೆ ಮನಸ್ಸು ಊಹಿಸಿ ತುಂಬುತ್ತದೆ. ಹಾಗಾಗಿ ನಾವೂ ‘ತೆಪ’, ‘ಬೆಪೆ’, ‘ಸೆತೆ’ ಥರದ ಸುಮ್ನೆ ಪದಗಳಿಗೆ ಇಳಿದೆವು. ಮೊದಮೊದಲು ಪ, ಬ, ತ, ಸ ಮಾತ್ರ. ಮ, ನ ಪಕ್ಕದಲ್ಲಿದ್ದರೆ ಸ್ವರ ಮೂಗಿಗೆ ಏರಿ ಅದರ ಎತ್ತರ ತಗ್ಗು ಗೊತ್ತಾಗುವುದು ಕಷ್ಟ. ಯ ಇದ್ದರೆ ಸ್ವರವನ್ನು ಇಕಾರದ ಕಡೆಗೆ ಎಳೆಯುತ್ತದೆ.

ಬರೆಯುವುದಕ್ಕೆ ಮುಂಚೆ ಒಂದು ಹಂತ ಇದೆ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ ಅನ್ನುವುದು ನನ್ನ ಅನುಭವ. ಮೊದಲು ಬರೀ ವ್ಯತ್ಯಾಸ ಕೇಳಿಸುತ್ತದಾ ಅಂತ ನೋಡಿಕೊಳ್ಳಬೇಕು. ಗೆಳತಿ ಮೂರು ಪದ ಹೇಳುತ್ತಾಳೆ. ಮೊದಲನೆಯದು ಮುಚ್ಚಿದ ಎ, ಎರಡನೆಯದು ತೆರೆದ ಎ, ಮೂರನೆಯದು ಈ ಎರಡರಲ್ಲಿ ಒಂದು. ಮೂರನೆಯದು ಯಾವುದರ ಹಾಗಿತ್ತು ಅಂತ ಒಂದು ಅಥವಾ ಎರಡು ಅಂತ ಬರೆದುಕೊಳ್ಳುವುದು, ಅಷ್ಟೇ. ಯಾವುದು ಹೇಳಬೇಕು ಅನ್ನುವುದನ್ನು ಅವಳು ನಾಣ್ಯ ಚಿಮ್ಮಿ ತೀರ್ಮಾನಿಸಬೇಕು. ಮನಸ್ಸಿಗೆ ತೋಚಿದ ಹಾಗೆ ಹೇಳಿದರೆ ಒಂದಾದ ಮೇಲೆ ಒಂದು ಬದಲಾಯಿಸುತ್ತಾ ಹೋಗುತ್ತಾಳೆ, ನಾವು ಸರದಿಯನ್ನು ಹಿಡಿದುಬಿಡುತ್ತೇವೆ. ಇಪ್ಪತ್ತು ಸಲ ಮಾಡಿ. ಕಣ್ಣು ಮುಚ್ಚಿ ಊಹಿಸಿದರೂ ಹತ್ತರ ಆಸುಪಾಸು ಸರಿ ಬರುತ್ತದೆ, ಅದಕ್ಕೆ ಬೆಲೆ ಇಲ್ಲ. 20ಕ್ಕೆ 15 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ನಂಬಬಹುದು. ಬರೀ ಊಹೆಯಿಂದ ಅಷ್ಟು ಬರುವುದು 50 ಸಲದಲ್ಲಿ ಒಂದು ಸಲ.

ನನಗೆ ಮೂರನೇ ದಿನಕ್ಕೇ 17 ಬಂತು. ಅದೂ ಮೋಸ! ರೆಕಾರ್ಡಿಂಗ್ ತೆಗೆದು ನೋಡಿದರೆ ಅವಳ ತೆರೆದ ಎ ಪ್ರತಿ ಸಲವೂ ಸ್ವಲ್ಪ ಉದ್ದ ಇತ್ತು. ಅದು ಅವಳ ತಪ್ಪಲ್ಲ. ದವಡೆ ಜಾಸ್ತಿ ಇಳಿದು ಏರಬೇಕಾದ್ದರಿಂದ ಬಾಯಿ ತೆರೆದು ಹೇಳುವ ಸ್ವರ ಸಾಮಾನ್ಯವಾಗಿ ತುಸು ಉದ್ದವೇ ಬರುತ್ತದೆ. ಆದರೆ ಕನ್ನಡದ ಕಿವಿ ಗಿಡ್ಡ-ಉದ್ದದಲ್ಲಿ ಪಳಗಿದ್ದು. ‘ಬರೆ’ಗೂ ‘ಬರೇ’ಗೂ ಇರುವ ವ್ಯತ್ಯಾಸ ನಿದ್ದೆಯಲ್ಲೂ ಹಿಡಿಯುತ್ತೇವೆ. ನಾನು ಸ್ವರದ ಬಣ್ಣ ಕೇಳುತ್ತಿರಲಿಲ್ಲ, ಉದ್ದ ಅಳೆಯುತ್ತಿದ್ದೆ. ಆಮೇಲೆ ಅವಳಿಗೆ ಬೇಕೆಂದೇ ಕೆಲವೊಮ್ಮೆ ಮುಚ್ಚಿದ ಎಕಾರವನ್ನು ಎಳೆದು, ತೆರೆದದ್ದನ್ನು ಮೊಟಕು ಮಾಡಿ ಹೇಳಲು ಹೇಳಿದೆ. ನನ್ನ 17 ಒಂದೇ ಏಟಿಗೆ 11ಕ್ಕೆ ಇಳಿಯಿತು. ನಿಮಗೂ ಬೇಗ ಒಳ್ಳೆಯ ಅಂಕ ಬಂದರೆ ಮೊದಲು ಉದ್ದವನ್ನು ಹೀಗೆ ಕಲಕಿ ನೋಡಿ.

ಅಲ್ಲಿಂದ ಮೇಲೆ ಎತ್ತಿದ್ದು ಪಿಸುಮಾತು. ಪಿಸುಗುಟ್ಟಿದಾಗ ದನಿಯ ಏರಿಳಿತ ಹೋಗುತ್ತದೆ. ಉಳಿಯುವುದು ಬಾಯಿಯೊಳಗಿನ ಪೊಳ್ಳು ಜಾಗದ ಸದ್ದು ಮಾತ್ರ. ಇ, ಎ, ಆ, ಒ, ಉ ಅಂತ ಒಂದೇ ಉಸಿರಲ್ಲಿ ನಿಧಾನಕ್ಕೆ ಪಿಸುಗುಟ್ಟಿ ನೋಡಿ. ಮೇಲಿನಿಂದ ಕೆಳಗೆ ಇಳಿಯುವ ಒಂದು ಶಿಳ್ಳೆಯಂಥದ್ದು ಕೇಳಿಸುತ್ತದೆ. ಈಗ ಎಕಾರದಿಂದ ಆಕಾರಕ್ಕೆ ಬಹಳ ನಿಧಾನ ಜಾರಿ, ಅರ್ಧದಲ್ಲಿ ನಿಲ್ಲಿ. ಗಲ್ಲದ ಕೆಳಗೆ ಬೆರಳಿಟ್ಟುಕೊಂಡರೆ ದವಡೆ ಎಷ್ಟು ಇಳಿಯಿತು ಅಂತ ಕೈಗೂ ಗೊತ್ತಾಗುತ್ತದೆ. ದಿನಾ ಐದು ನಿಮಿಷ ಸಾಕು. ನಾನು ಬಸ್‌ನಲ್ಲಿ ಕೂತು ಮಾಡುತ್ತಿದ್ದೆ, ಪಕ್ಕದವರು ಮಂತ್ರ ಅಂದುಕೊಂಡಿರಬೇಕು.

ಇಷ್ಟಾದ ಮೇಲೆ ಉಕ್ತಲೇಖನ. ಪದವನ್ನು ಮೂರು ಸಲ ಹೇಳಿಸಿಕೊಳ್ಳುತ್ತೇನೆ. ಮೊದಲ ಸಲ ವ್ಯಂಜನ ಮಾತ್ರ ಬರೆದು ಸ್ವರದ ಜಾಗ ಖಾಲಿ ಬಿಡುತ್ತೇನೆ: ‘ಸೆತೆ’ ಆದರೆ [s_t_]. ಎರಡನೇ ಸಲ ಪೆನ್ ಕೆಳಗಿಟ್ಟು ಬರೀ ಸ್ವರ ಕೇಳಿ, ಬಾಯೊಳಗೇ ಪಿಸುಗುಟ್ಟುತ್ತೇನೆ. ದವಡೆ ಎಲ್ಲಿ ನಿಂತಿತು ಅಂತ ನೋಡಿಕೊಂಡು ಆಮೇಲೆ ಬರೆಯುತ್ತೇನೆ. ಮೂರನೇ ಸಲ ನಾನು ಬರೆದದ್ದನ್ನು ಮನಸ್ಸಲ್ಲೇ ಓದುತ್ತಾ ಅವಳ ಪದಕ್ಕೆ ಹೊಂದುತ್ತದಾ ಅಂತ ನೋಡುತ್ತೇನೆ. ಅವಳಿಗೆ ಬೆನ್ನು ಹಾಕಿ ಕೂರಬೇಕು, ಇಲ್ಲದಿದ್ದರೆ ಕಣ್ಣು ಅವಳ ಗಲ್ಲ ಓದುತ್ತದೆ.

ತಪ್ಪುಗಳನ್ನು ಸುಮ್ನೆ ಎಣಿಸಿದರೆ ಏನೂ ತಿಳಿಯುವುದಿಲ್ಲ. ಯಾವುದನ್ನು ಯಾವುದು ಅಂತ ಬರೆದೆ ಅನ್ನುವುದನ್ನು ಚೌಕ ಹಾಕಿ ಇಡಬೇಕು. ನನ್ನ ಒಂದು ಸಂಜೆಯ ಲೆಕ್ಕ ಇದು. ಅವಳು 20 ಮುಚ್ಚಿದ ಎ, 20 ತೆರೆದ ಎ ಹೇಳಿದ್ದಳು. ಮುಚ್ಚಿದವುಗಳಲ್ಲಿ 19 ಸರಿ. ತೆರೆದವುಗಳಲ್ಲಿ ಸರಿ ಬಂದದ್ದು 7 ಮಾತ್ರ, 13ಕ್ಕೆ [e] ಬರೆದಿದ್ದೆ. ಒಟ್ಟು 40ಕ್ಕೆ 26 ಅಂತ ನೋಡಿದರೆ ಅರೆಬರೆ ಕೇಳಿಸುತ್ತಿದೆ ಅನಿಸುತ್ತದೆ. ಚೌಕ ಬೇರೆ ಕಥೆ ಹೇಳುತ್ತದೆ. ನಾನು [ɛ] ಅಂತ ಬರೆದದ್ದು ಎಂಟೇ ಸಲ, ಅದರಲ್ಲಿ ಏಳು ಸರಿ. ಅಂದರೆ ಕೇಳಿಸಿದಾಗ ಸರಿಯಾಗೇ ಕೇಳಿಸುತ್ತಿತ್ತು. ಸ್ವಲ್ಪ ಅನುಮಾನ ಬಂದರೆ ಸಾಕು, ಕೈ ಹಳೆಯ ಡಬ್ಬಿಗೆ ಓಡುತ್ತಿತ್ತು. ತಪ್ಪು ಹೀಗೆ ಒಂದೇ ಕಡೆ ವಾಲಿದ್ದರೆ ಮದ್ದು ಬೇರೆ: ಒಂದು ವಾರ ಅನುಮಾನ ಬಂದಾಗಲೆಲ್ಲ [ɛ] ಬರೆಯಿರಿ, ತಪ್ಪು ಯಾವ ಕಡೆ ಸರಿಯುತ್ತದೆ ನೋಡಿ. ಎರಡೂ ಕಡೆ ಸಮ ಸಮ ತಪ್ಪಿದ್ದರೆ ಮಾತ್ರ ಮೂರು ಪದಗಳ ಆಟಕ್ಕೆ ಹಿಂತಿರುಗಬೇಕು.

ಒಬ್ಬರದೇ ದನಿಯಲ್ಲಿ ಕಲಿತರೆ ಆ ದನಿಗಷ್ಟೇ ಕಿವಿ ಪಳಗುತ್ತದೆ. ಗೆಳತಿಯ ಅಣ್ಣನ ಹತ್ತಿರ ಫೋನಿನಲ್ಲಿ ಪದ ರೆಕಾರ್ಡ್ ಮಾಡಿ ಕಳಿಸಲು ಹೇಳಿದ ದಿನ ನನ್ನ ಅಂಕ ಮತ್ತೆ ಬಿತ್ತು. ಮೂರು ನಾಲ್ಕು ಜನರ ದನಿ ಕಲಸಿ ಕೇಳಿದ ಮೇಲೆಯೇ ನಿಂತದ್ದು.

ಅವಳು ಹೇಳಿದ್ದೇ ತಪ್ಪಾ, ನಾನು ಕೇಳಿದ್ದು ತಪ್ಪಾ ಅಂತ ಜಗಳ ಬಂದಾಗ ಪ್ರಾಟ್ ಇದೆ. ಮಾತಿನ ಸದ್ದನ್ನು ಅಳೆಯುವ ಪುಕ್ಕಟೆ ಸಾಫ್ಟ್‌ವೇರ್. ರೆಕಾರ್ಡಿಂಗ್ ತೆರೆದು `Show formants` ಒತ್ತಿದರೆ ಸ್ವರದ ಮೇಲೆ ಕೆಂಪು ಚುಕ್ಕೆಗಳ ಸಾಲು ಬರುತ್ತದೆ. ಇವು ಫಾರ್ಮೆಂಟ್‌ಗಳು, ಅಂದರೆ ಬಾಯಿಯೊಳಗಿನ ಪೊಳ್ಳು ಜಾಗ ಗಟ್ಟಿ ಮಾಡುವ ಕಂಪನಗಳು. ತೀರಾ ಕೆಳಗಿನ ಸಾಲು ಮೊದಲ ಫಾರ್ಮೆಂಟ್, `F1`. ದವಡೆ ಇಳಿದಷ್ಟೂ ಇದು ಏರುತ್ತದೆ. ಸ್ವರದ ನಡುವೆ, ಸಾಲು ನೆಟ್ಟಗಿರುವ ಕಡೆ ಅಳೆಯಬೇಕು. ಪದದ ಕೊನೆಯಲ್ಲಿ ದನಿ ಆರಿಹೋಗುತ್ತದೆ, ಅಲ್ಲಿ ಸಿಗುವ ಅಂಕಿ ನಂಬಬೇಡಿ. ಅವಳ ಮುಚ್ಚಿದ ಎ 450 ಹರ್ಟ್ಸ್ ಆಸುಪಾಸು ಇತ್ತು, ತೆರೆದದ್ದು 650ರ ಹತ್ತಿರ. ಈ ಅಂಕಿ ಅವಳ ಬಾಯಿಗಷ್ಟೇ. ಅಣ್ಣನ ಅಂಕಿಗಳ ಜೊತೆ ಇಟ್ಟು ನೋಡಿದರೆ ಅರ್ಥವಿಲ್ಲ. ಗಂಡು ದನಿಗೆ ಫಾರ್ಮೆಂಟ್ ಮಿತಿಯನ್ನು 5500ರಿಂದ 5000ಕ್ಕೆ ಇಳಿಸುವುದನ್ನೂ ಮರೆಯಬೇಡಿ, ನಾನು ಮರೆತು ಒಂದು ರಾತ್ರಿ ಹಾಳು ಮಾಡಿಕೊಂಡೆ. ಇನ್ನೊಂದು: ಬರೆದು ಮುಗಿಸಿದ ಮೇಲೆ ಮಾತ್ರ ತೆರೆಯಿರಿ. ಮೊದಲೇ ನೋಡಿದರೆ ಕಣ್ಣು ಕಲಿಯುತ್ತದೆ, ಕಿವಿಯಲ್ಲ.

ಈಗ ‘ಬರ್ಪೆ’ ಅಂತ ಒಂಟಿಯಾಗಿ ಹೇಳಿದರೂ ಯಾರು ಬರುತ್ತಾರೆ ಅಂತ ಹೆಚ್ಚು ಕಡಿಮೆ ಗೊತ್ತಾಗುತ್ತದೆ. ಸದ್ಯಕ್ಕೆ ಸಿಕ್ಕಿಹಾಕಿಕೊಂಡಿರುವುದು ತುಳುವಿನ ‘ಕಣ್ಣ್’, ‘ನೀರ್’ ಪದಗಳ ಕೊನೆಯಲ್ಲಿ ಬರುವ ಸಣ್ಣ ಸ್ವರದಲ್ಲಿ. ಉಕಾರದ ಹಾಗೆ, ಆದರೆ ತುಟಿ ದುಂಡಗಾಗುವುದಿಲ್ಲ, [ɯ]. ನನ್ನ ಕಿವಿ ಅದನ್ನು ‘ಕಣ್ಣು’, ‘ನೀರು’ ಅಂತಲೇ ಕೇಳುತ್ತದೆ, ಕನ್ನಡದ ಪದ ರೆಡಿಯಾಗಿ ಕಾದು ಕೂತಿದೆಯಲ್ಲ. ‘ತಪು’, ‘ಸತು’ ಅಂತ ಸುಮ್ನೆ ಪದಗಳನ್ನು ಎರಡು ರೀತಿ ಹೇಳಿಸಿಕೊಂಡು ಮತ್ತೆ ಮೂರು ಪದಗಳ ಆಟ ಶುರು ಮಾಡಿದ್ದೇನೆ. ನಿನ್ನೆ 20ಕ್ಕೆ 12.