ಪಾಠದ ವಿಡಿಯೊದಲ್ಲಿ ಮೌನ ಕತ್ತರಿಸಿದರೆ ಮಾತಿನ ಕೊನೆಯೂ ಏಕೆ ತುಂಡಾಗುತ್ತದೆ?

ಪ್ರಶ್ನೆ: ಧ್ವನಿಮುದ್ರಿಸಿದ ಪಾಠಗಳಲ್ಲಿನ ಮೌನವನ್ನು ತಾನಾಗಿ ಕತ್ತರಿಸುವ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಥ್ರೆಶೋಲ್ಡನ್ನು -30 ಡೆಸಿಬೆಲ್‌ಗೆ ಇಟ್ಟರೆ ವಾಕ್ಯಗಳ ಕೊನೆ ನುಂಗಿಹೋಗುತ್ತದೆ, -60ಕ್ಕೆ ಇಟ್ಟರೆ ಏನೂ ಕತ್ತರಿಸುವುದಿಲ್ಲ. ಸರಿಯಾದ ಅಂಕಿ ಯಾವುದು?

ಉತ್ತರ: ಎಲ್ಲ ಪಾಠಗಳಿಗೂ ಹೊಂದುವ ಒಂದೇ ಅಂಕಿ ಇಲ್ಲ. ಆದರೆ ನಿಮ್ಮದೇ ಧ್ವನಿಮುದ್ರಣವನ್ನು ಅಳೆದರೆ, ಆ ಪಾಠಕ್ಕೆ ಹೊಂದುವ ಅಂಕಿಯನ್ನು ಕೆಲವೇ ನಿಮಿಷಗಳಲ್ಲಿ ಕಂಡುಕೊಳ್ಳಬಹುದು.

ಡಿಜಿಟಲ್ ಧ್ವನಿಯಲ್ಲಿ 0 ಡೆಸಿಬೆಲ್ ಎಂದರೆ ದಾಖಲಾಗಬಹುದಾದ ಗರಿಷ್ಠ ಮಟ್ಟ. ಉಳಿದದ್ದೆಲ್ಲ ಅದರ ಕೆಳಗೆ, ಋಣ ಸಂಖ್ಯೆಗಳಲ್ಲಿ ಇರುತ್ತದೆ. ಸಾಫ್ಟ್‌ವೇರಿಗೆ ಮಾತು ಯಾವುದು, ಮೌನ ಯಾವುದು ಎಂಬುದು ತಿಳಿಯದು. ಥ್ರೆಶೋಲ್ಡ್ ಎಂದು ನೀವು ಕೊಟ್ಟ ಮಟ್ಟಕ್ಕಿಂತ ಕೆಳಗಿನ ಧ್ವನಿ ನೀವು ಹೇಳಿದಷ್ಟು ಹೊತ್ತು ಮುಂದುವರಿದರೆ ಅದನ್ನು ಮೌನವೆಂದು ಗುರುತಿಸುತ್ತದೆ, ಅಷ್ಟೆ. ಆದ್ದರಿಂದ ಆ ಮಟ್ಟವು ಕೋಣೆಯ ಸದ್ದಿಗಿಂತ ಮೇಲೆ, ನಿಮ್ಮ ಅತ್ಯಂತ ಮೆಲುದನಿಯ ಮಾತಿಗಿಂತ ಕೆಳಗೆ ಇರಬೇಕು.

ಮೊದಲು ಕೋಣೆಯ ಸದ್ದನ್ನು ಅಳೆಯಿರಿ. ಪಾಠದಲ್ಲಿ ಯಾರೂ ಮಾತನಾಡದ ಐದು ಸೆಕೆಂಡುಗಳನ್ನು ಹುಡುಕಿ, ಆ ಭಾಗವನ್ನಷ್ಟೇ ಎಫ್‌ಎಫ್‌ಎಂಪೆಗ್ ಎಂಬ, ಆದೇಶ ಟೈಪ್ ಮಾಡಿ ನಡೆಸುವ ಆಡಿಯೊ-ವಿಡಿಯೊ ಸಾಧನಕ್ಕೆ ಕೊಡಿ. ಆ ಭಾಗವು 12ನೇ ಸೆಕೆಂಡಿನಿಂದ ಆರಂಭವಾಗುತ್ತದೆ ಎಂದುಕೊಂಡರೆ ಆದೇಶ ಹೀಗಿರುತ್ತದೆ:

```
ffmpeg -ss 12 -t 5 -i paatha.mp4 -af "highpass=f=100,volumedetect" -f null -
```

ಇಲ್ಲಿನ `highpass` ಫ್ಯಾನಿನ ಗುಂಯ್‌ಗುಡುವಿಕೆ, ಮೇಜಿನ ಅದುರು ಮುಂತಾದ 100 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಅಳತೆಯಲ್ಲಿ ತಗ್ಗಿಸುತ್ತದೆ. ಮೂಲ ಕಡತಕ್ಕೆ ಏನೂ ಆಗುವುದಿಲ್ಲ. ಉತ್ತರದಲ್ಲಿ `mean_volume` ಮತ್ತು `max_volume` ಎಂಬ ಎರಡು ಅಂಕಿಗಳು ಬರುತ್ತವೆ. ಹೆಚ್ಚಿನವರು ಸರಾಸರಿಯನ್ನು ನೋಡಿ ಮಟ್ಟವನ್ನು ನಿರ್ಧರಿಸುತ್ತಾರೆ, ಮತ್ತು ಬಹುಪಾಲು ತೊಂದರೆ ಹುಟ್ಟುವುದು ಇಲ್ಲಿಯೇ. ಎಫ್‌ಎಫ್‌ಎಂಪೆಗ್‌ನ ಮೌನ ಗುರುತಿಸುವ ಸೌಲಭ್ಯವಾದ `silencedetect`, ಸೆಕೆಂಡಿಗೆ ಸಾವಿರಾರು ಬಾರಿ ದಾಖಲಾಗುವ ಧ್ವನಿಯ ಒಂದೊಂದು ಸ್ಯಾಂಪಲನ್ನೂ ಪ್ರತ್ಯೇಕವಾಗಿ ನೋಡುವುದರಿಂದ, ನಡುವೆ ಒಂದೇ ಒಂದು ಸ್ಯಾಂಪಲ್ ಮಟ್ಟವನ್ನು ದಾಟಿದರೂ ಅದುವರೆಗಿನ ಎಣಿಕೆ ಅಲ್ಲಿಗೇ ಮುರಿದು ಹೊಸದಾಗಿ ಆರಂಭವಾಗುತ್ತದೆ. ಹೀಗಾಗಿ ನಮಗೆ ಬೇಕಾದದ್ದು ಗರಿಷ್ಠ ಅಂಕಿ. ಸರಾಸರಿ -54, ಗರಿಷ್ಠ -43 ಇರುವ ಕೋಣೆಯಲ್ಲಿ -60 ಎಂದು ಕೊಟ್ಟರೆ ಸಾಫ್ಟ್‌ವೇರಿಗೆ ಒಂದು ಕ್ಷಣದ ಮೌನವೂ ಸಿಗುವುದಿಲ್ಲ. -50 ಎಂದರೂ ಸಿಗುವುದು ಕಷ್ಟ.

ಮುಂದಿನ ಅಳತೆ ಮೆಲುದನಿಯದು. ಇಲ್ಲಿ ಮಾತಿನ ಸರಾಸರಿಯಾಗಲೀ ಎತ್ತರದ ದನಿಯಾಗಲೀ ಪ್ರಯೋಜನಕ್ಕೆ ಬರುವುದಿಲ್ಲ; ವಾಕ್ಯ ಮುಗಿಯುವ ಜಾಗವನ್ನು ಅಳೆಯಬೇಕು. ಉಸಿರು ತೀರುತ್ತ ಬಂದಂತೆ ದನಿ ಇಳಿಯುತ್ತದೆ, ಮತ್ತು ಕನ್ನಡದಲ್ಲಿ ಕ್ರಿಯಾಪದವೂ ನಿಷೇಧವೂ ಬರುವುದು ಆ ಇಳಿದ ದನಿಯಲ್ಲೇ. "ಈ ಸೂತ್ರವನ್ನು ಇಲ್ಲಿ ಬಳಸಲು ಬರುವುದಿಲ್ಲ" ಎಂಬ ವಾಕ್ಯವನ್ನು ತೆಗೆದುಕೊಳ್ಳಿ. "ಸೂತ್ರ" ಎನ್ನುವಾಗ -12ರಷ್ಟಿದ್ದ ದನಿ "ದಿಲ್ಲ" ಎನ್ನುವಷ್ಟರಲ್ಲಿ -33ಕ್ಕೆ ಇಳಿದಿದ್ದರೆ, -30ರ ಥ್ರೆಶೋಲ್ಡ್ ಅದನ್ನು ಮೌನದ ಲೆಕ್ಕಕ್ಕೆ ಸೇರಿಸಿ ಕತ್ತರಿಸುತ್ತದೆ. ಕೇಳುವ ವಿದ್ಯಾರ್ಥಿಗೆ ಉಳಿಯುವುದು "ಬಳಸಲು ಬರುವು" ಎಂಬಷ್ಟು ಮಾತ್ರ. ಸೂತ್ರವನ್ನು ಬಳಸಬಹುದೋ ಬಾರದೋ ಎಂಬುದೇ ತಿಳಿಯುವುದಿಲ್ಲ. ನಿಮ್ಮ ಪಾಠಗಳಲ್ಲಿ ಆಗುತ್ತಿರುವುದು ಬಹುಶಃ ಇದೇ.

ಇಂಥ ನಾಲ್ಕಾರು ವಾಕ್ಯಾಂತ್ಯಗಳನ್ನು ಮೇಲಿನ ಆದೇಶದಿಂದಲೇ, `-ss`ಗೆ ಆಯಾ ಜಾಗದ ಸೆಕೆಂಡನ್ನೂ ಅವಧಿಗೆ `-t 0.3` ಎಂದೂ ಕೊಟ್ಟು ಅಳೆಯಿರಿ. ಅವುಗಳ ಗರಿಷ್ಠ ಅಂಕಿಗಳಲ್ಲಿ ಅತಿ ಕಡಿಮೆಯದು -33, ಕೋಣೆಯ ಗರಿಷ್ಠ -43 ಎಂದಾದರೆ ನಡುವೆ ಹತ್ತು ಡೆಸಿಬೆಲ್ ಜಾಗವಿದೆ. ಅದರ ಸರಿಮಧ್ಯವನ್ನು ಆರಿಸುವ ಬದಲು ಕೋಣೆಯ ಸದ್ದಿಗೆ ಹತ್ತಿರವಾಗಿ -40 ಎಂದು ಇಡುವುದು ಒಳ್ಳೆಯದು, ಏಕೆಂದರೆ ಒಂದೆರಡು ಮೌನಗಳು ಉಳಿದರೆ ಹೋಗುವುದು ಸಮಯ ಮಾತ್ರ, ಮಾತು ಕತ್ತರಿಸಿಹೋದರೆ ಪಾಠವೇ ಕೆಡುತ್ತದೆ. ಎರಡು ಅಂಕಿಗಳ ನಡುವೆ ಮೂರು ನಾಲ್ಕು ಡೆಸಿಬೆಲ್ ಕೂಡ ಇಲ್ಲದಿದ್ದರೆ ಯಾವ ಥ್ರೆಶೋಲ್ಡೂ ಕೆಲಸ ಮಾಡುವುದಿಲ್ಲ. ಆಗ ಮೈಕನ್ನು ಬಾಯಿಗೆ ಹತ್ತಿರ ತಂದು ಮತ್ತೆ ಮುದ್ರಿಸುವುದು ಒಳ್ಳೆಯ ದಾರಿ. ಕಡತದ ವಾಲ್ಯೂಮ್ ಏರಿಸುವುದರಿಂದ ಲಾಭವಿಲ್ಲ, ಏಕೆಂದರೆ ಮಾತಿನ ಜೊತೆ ಕೋಣೆಯ ಸದ್ದೂ ಅಷ್ಟೇ ಏರುತ್ತದೆ.

ಈಗ ಇಡೀ ಪಾಠವನ್ನು ಪರೀಕ್ಷೆಗೆ ಒಡ್ಡಬಹುದು:

```
ffmpeg -i paatha.mp4 -af "highpass=f=100,silencedetect=noise=-40dB:d=1" -f null -
```

`d=1` ಎಂದರೆ ಒಂದು ಸೆಕೆಂಡಿಗಿಂತ ಚಿಕ್ಕ ವಿರಾಮವನ್ನು ಮುಟ್ಟಬೇಡ ಎಂದರ್ಥ. ಮಾತಿನ ಸಹಜ ಲಯ ನಿಂತಿರುವುದೇ ಆ ಚಿಕ್ಕ ವಿರಾಮಗಳ ಮೇಲೆ; ಅವನ್ನೂ ತೆಗೆದರೆ ಪಾಠವು ಉಸಿರಾಡದೆ ಓದಿದಂತೆ ಕೇಳುತ್ತದೆ. ಫಲಿತಾಂಶದಲ್ಲಿ ಬರುವ ಒಂದು ನಮೂದು ಹೀಗಿದೆ ಎಂದುಕೊಳ್ಳೋಣ:

```
silence_start: 754.3
silence_end: 758.0 | silence_duration: 3.7
```

ಈ 3.7 ಸೆಕೆಂಡುಗಳನ್ನು ಪೂರ್ತಿಯಾಗಿ ಕತ್ತರಿಸಬಾರದು. ಮಾತು ನಿಂತ ಮೇಲೂ ಅದರ ಮರುದನಿ ಕೋಣೆಯಲ್ಲಿ ಸ್ವಲ್ಪ ಹೊತ್ತು ಇರುತ್ತದೆ, ಮತ್ತು ಮುಂದಿನ ಮಾತು "ಸ", "ಹ" ಮುಂತಾದ ಉಸಿರಿನ ವ್ಯಂಜನದಿಂದ ಆರಂಭವಾದರೆ ಅದರ ಮೊದಲ ಕ್ಷಣವು ಮಟ್ಟಕ್ಕಿಂತ ಕೆಳಗೇ ಇರಬಹುದು. ಆದ್ದರಿಂದ ಮೌನ ಆರಂಭವಾದಲ್ಲಿ 0.3 ಸೆಕೆಂಡ್, ಮುಗಿಯುವಲ್ಲಿ 0.15 ಸೆಕೆಂಡ್ ಬಿಟ್ಟು, 754.6ರಿಂದ 757.85ರವರೆಗೆ ಮಾತ್ರ ತೆಗೆಯಬೇಕು. ಆಗ 3.25 ಸೆಕೆಂಡ್ ಉಳಿತಾಯವಾಗುತ್ತದೆ, ನಡುವೆ ಅರ್ಧ ಸೆಕೆಂಡಿನಷ್ಟು ವಿರಾಮವೂ ಉಳಿಯುತ್ತದೆ.

ಈ ಕತ್ತರಿಸುವ ಕೆಲಸಕ್ಕೆ ಎಫ್‌ಎಫ್‌ಎಂಪೆಗ್‌ನ `silenceremove` ಬಳಸಬೇಡಿ. ಅದು ಧ್ವನಿಯನ್ನಷ್ಟೇ ಕತ್ತರಿಸುತ್ತದೆ. ಚಿತ್ರ ಮೊದಲಿನ ಉದ್ದದಲ್ಲೇ ಉಳಿಯುವುದರಿಂದ ಪ್ರತಿ ಕತ್ತರಿಯ ನಂತರ ಮಾತು ಚಿತ್ರಕ್ಕಿಂತ ಇನ್ನಷ್ಟು ಮುಂದೆ ಓಡುತ್ತದೆ. ಆಡಿಯೊ ಮಾತ್ರ ಇರುವ ಪಾಠಕ್ಕೆ ಅದು ಸರಿ. ವಿಡಿಯೊಗೆ ಎರಡನ್ನೂ ಒಟ್ಟಿಗೆ ಕತ್ತರಿಸುವ ಆಟೋ-ಎಡಿಟರ್‌ನಂಥ ಸಾಧನ ಬೇಕು. ಅದರಲ್ಲಿ ಮಟ್ಟವನ್ನು ಶೇಕಡಾವಾರು ಕೊಡಬಹುದು. -40 ಡೆಸಿಬೆಲ್ ಎಂದರೆ ಶೇ. 1, -28 ಎಂದರೆ ಸುಮಾರು ಶೇ. 4. `--margin 0.15s,0.3s` ಎಂದು ಕೊಟ್ಟರೆ ಮಾತಿನ ಹಿಂದೆ ಮುಂದೆ ಬಿಡುವ ಅಂಚುಗಳನ್ನು ಅದೇ ನೋಡಿಕೊಳ್ಳುತ್ತದೆ.

ಒಂದು ಸಂಗತಿಯನ್ನು ಮಾತ್ರ ಯಾವ ಮಟ್ಟವೂ ಹಿಡಿಯಲಾರದು. ಶಿಕ್ಷಕರು ಮಾತಿಲ್ಲದೆ ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿರುವ ಇಪ್ಪತ್ತು ಸೆಕೆಂಡುಗಳು, ಅಥವಾ ಪ್ರಶ್ನೆ ಕೇಳಿ ಯೋಚಿಸಲು ಬಿಟ್ಟ ಐದು ಸೆಕೆಂಡುಗಳು ಧ್ವನಿಯ ಲೆಕ್ಕದಲ್ಲಿ ಮೌನವೇ ಆದರೂ ಪಾಠದ ಭಾಗವೇ ಆಗಿರುತ್ತವೆ. ಬರೆಯುವ ಭಾಗಗಳನ್ನು ಕತ್ತರಿಸದೆ ವೇಗ ಹೆಚ್ಚಿಸಿ ಉಳಿಸಿಕೊಳ್ಳಬಹುದು. ಯೋಚಿಸಲು ಬಿಟ್ಟ ಸಮಯವನ್ನು ಇದ್ದ ಹಾಗೆಯೇ ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೀಗಾಗಿ ಕತ್ತರಿಸುವ ಮೊದಲು `silencedetect` ಕೊಟ್ಟ ಪಟ್ಟಿಯನ್ನು ಅವಧಿಯ ಪ್ರಕಾರ ಜೋಡಿಸಿ ಎರಡೂ ತುದಿಗಳನ್ನು ಕೇಳಿ ನೋಡಿ. ಬರವಣಿಗೆ ಮತ್ತು ಯೋಚನೆಯ ಸಮಯ ಸಿಗುವುದು ಅತಿ ಉದ್ದದ ಮೌನಗಳಲ್ಲಿ. ಅವನ್ನು ಕೈಯಾರೆ ಪಟ್ಟಿಯಿಂದ ತೆಗೆಯಿರಿ. ನುಂಗಿಹೋಗುವ ಅಕ್ಷರಗಳು ಸಿಗುವುದು ಸೆಕೆಂಡಿನ ಆಸುಪಾಸಿನ ಚಿಕ್ಕ ಮೌನಗಳಲ್ಲಿ. ಅಲ್ಲಿ ಎರಡು ಮೂರು ಕಡೆ ಮಾತು ಕೇಳಿಸಿದರೆ ಮಟ್ಟವನ್ನು ಎರಡು ಡೆಸಿಬೆಲ್ ಇಳಿಸಿ ಪಟ್ಟಿಯನ್ನು ಮತ್ತೆ ತೆಗೆಯಿರಿ.